ಬಾಯಿ ಮುಚ್ಚಿಕೊಂಡಿರುವ ನಿಯಮ

ಪ್ರಬಂಧದಲ್ಲಿ ನಾನು ಮೊದಲು ಓದುವುದು ಪ್ರಯೋಗ ಹೇಗೆ ಮಾಡಿದಿರಿ ಎನ್ನುವ ಅಧ್ಯಾಯವನ್ನು. ಮೂಡಿಗೆರೆಯ ನಮ್ಮ ತೋಟಗಾರಿಕೆ ಕಾಲೇಜಿನ ಹುಡುಗರಿಗೆ ಆ ಅಧ್ಯಾಯವೆಂದರೆ ತಾತ್ಸಾರ. ಹಳೆಯ ಪ್ರಬಂಧದಿಂದ ನಾಲ್ಕು ಪ್ಯಾರಾ ಎತ್ತಿ ತಂದು ಕೂರಿಸಿಬಿಡುತ್ತಾರೆ. ಆಮೇಲೆ ನನ್ನ ಹತ್ತಿರ ಬೈಸಿಕೊಳ್ಳುತ್ತಾರೆ.

ಅದಕ್ಕೇ ನನ್ನದೊಂದು ನಿಯಮವಿದೆ. ಬರೆದವರ ಪ್ರಯೋಗವನ್ನು ನೋಡಿಯೇ ಇರದ ಇನ್ನೊಬ್ಬ ವಿದ್ಯಾರ್ಥಿ ಆ ಅಧ್ಯಾಯವನ್ನಷ್ಟೇ ಓದಿ ಪ್ರಯೋಗವನ್ನು ಮತ್ತೆ ಮಾಡಬೇಕು. ಬರೆದವರು ಪಕ್ಕದಲ್ಲೇ ಇರಬೇಕು, ಆದರೆ ಬಾಯಿ ತೆರೆಯುವಂತಿಲ್ಲ.

ಬಾಳೂರಿನ ಹುಡುಗಿಯೊಬ್ಬಳ ಸಲಹಾ ಸಮಿತಿಯಲ್ಲಿ ನಾನಿದ್ದೆ. ಅವಳ ಮನೆಯವರದು ಸಣ್ಣ ಕಾಫಿ ತೋಟ. ಪಲ್ಪರ್‌ನಲ್ಲಿ ಸಿಪ್ಪೆ ಬಿಡಿಸಿದ ಅರೇಬಿಕಾ ಕಾಫಿ ಬೀಜವನ್ನು, ಅದಕ್ಕಂಟಿದ ಲೋಳೆ ಬಿಡಲೆಂದು, ತೊಟ್ಟಿಯಲ್ಲಿ ನೀರು ಹಾಕದೆ ಹುದುಗಲು ಬಿಟ್ಟರೆ ರುಚಿ ಹೇಗೆ, ನೀರಿನಲ್ಲಿ ಮುಳುಗಿಸಿಟ್ಟರೆ ಹೇಗೆ ಎನ್ನುವುದು ಅವಳ ವಿಷಯ. ಹಿಂದಿನ ವರ್ಷದ ಕೊಯ್ಲಿನಲ್ಲಿ ಅವರ ಮನೆಯ ತೊಟ್ಟಿಗಳಲ್ಲೇ ಪ್ರಯೋಗ ಮುಗಿಸಿದ್ದಳು. ಬರಹ ಅಚ್ಚುಕಟ್ಟಾಗಿತ್ತು. ಹಣ್ಣಿನ ತೂಕ, ನೀರಿನಲ್ಲಿ ತೇಲುವ ಜೊಳ್ಳು ಹಣ್ಣು ತೆಗೆದದ್ದು, ಕೊಯ್ದು ಎಷ್ಟು ಹೊತ್ತಿಗೆ ಪಲ್ಪ್ ಮಾಡಿದ್ದು, ಎಲ್ಲ ಇತ್ತು. ಒಂದು ಸಾಲಿನ ಮೇಲೆ ಮಾತ್ರ ನನ್ನ ಪೆನ್ಸಿಲ್ ನಿಂತಿತು: ‘ಲೋಳೆ ಪೂರ್ತಿ ಬಿಡುವವರೆಗೆ ಹುದುಗಿಸಿ ತೊಳೆಯಲಾಯಿತು.’

“ಬಿಟ್ಟಿದೆ ಅಂತ ಹೇಗೆ ಗೊತ್ತಾಗತ್ತೆ?”

“ಗೊತ್ತಾಗತ್ತೆ ಮೇಡಂ,” ಎಂದು ನಕ್ಕಳು.

ಆ ನಗು ನೋಡಿ ಮುದ್ದು ಬಂತು, ಸಿಟ್ಟೂ ಬಂತು. ಈ ವರ್ಷದ ಅರೇಬಿಕಾ ಆಗಲೇ ಕೊನೆಯ ಕೊಯ್ಲಿಗೆ ಬಂದಿತ್ತು. ಆ ಸಾಲು ಪರೀಕ್ಷೆಯಲ್ಲಿ ನಿಲ್ಲದಿದ್ದರೆ ರುಚಿಯ ವ್ಯತ್ಯಾಸ ನೀರಿನದೋ ಇವಳ ಅಂದಾಜಿನದೋ ಎಂದು ಯಾರಾದರೂ ಕೇಳುತ್ತಾರೆ. ಆಗ ಪ್ರಬಂಧ ಬಿಟ್ಟು ಮುಂದಿನ ವರ್ಷದ ಹಣ್ಣಿನವರೆಗೆ ಕಾಯಬೇಕು.

ಅವಳ ಸಹಪಾಠಿ, ಕಾಫಿ ಗಿಡವನ್ನು ಕಾಲೇಜಿಗೆ ಬಂದ ಮೇಲೆಯೇ ನೋಡಿದ ಚಳ್ಳಕೆರೆಯ ಹುಡುಗ, ಅವಳ ಆ ಅಧ್ಯಾಯದ ಪುಟ ಹಿಡಿದು ಬಾಳೂರಿನ ತೊಟ್ಟಿಯ ಮುಂದೆ ನಿಂತು, ಬೀಜ ತುಂಬಿ ಹುದುಗಲು ಬಿಟ್ಟ. ಮರುದಿನ ಮಧ್ಯಾಹ್ನ ಕೈ ಹಾಕಿದ, ಜಾರಿತು. ಸಂಜೆ ಹಾಕಿದ, ಜಾರಿತು. ಲೋಳೆ ಬಿಟ್ಟಿಲ್ಲವೆಂದು ಕಾದ. ಹುಡುಗಿ ದುಪಟ್ಟಾದ ತುದಿಯನ್ನು ಬಾಯಿಗೆ ತುರುಕಿಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ತಲೆಯಾಡಿಸಲಿಲ್ಲ. ಬೆಳಿಗ್ಗೆ ಹೋದರೆ ಬೀಜ ಅತಿಯಾಗಿ ಹುದುಗಿ ತೊಟ್ಟಿ ಹುಳಿ ನಾತ ಹೊಡೆಯುತ್ತಿತ್ತು.

“ತೊಳ್ದು ನೋಡ್ಬೇಕಲ್ಲ ಮಾರಾಯಾ!” ಹುಡುಗಿ ಕೂಗಿಬಿಟ್ಟಳು. ನಿಯಮ ಅಲ್ಲಿಗೆ ಮುರಿಯಿತು. “ಹಾಗೇ ಕೈ ಹಾಕಿದ್ರೆ ಲೋಳೆ ನೀರಾಗಿದ್ರೂ ಜಾರೇ ಜಾರತ್ತೆ. ಒಂದು ಹಿಡಿ ತೊಳ್ದು ಉಜ್ಬೇಕು!”

“ಅದೆಲ್ಲೈತೆ ಇದ್ರಾಗೆ?” ಎಂದು ಅವನು ಪುಟ ಚಾಚಿದ.

ಅವಳು ಹುಡುಕಿದಳು. ಇರಲಿಲ್ಲ. ಉಸಿರಾಡುವುದನ್ನು ಯಾರಾದರೂ ಬರೆಯುತ್ತಾರೆಯೇ? ಅವಳಿಗೆ ಇದೂ ಹಾಗೆಯೇ. ಮುಖ ಸಣ್ಣಗೆ ಮಾಡಿಕೊಂಡು ತೊಟ್ಟಿಯ ಕಟ್ಟೆಯ ಮೇಲೆ ಕೂತಳು. ನನಗೆ ಅಯ್ಯೋ ಅನ್ನಿಸಿತು.

“ಪ್ರತಿ ತೊಟ್ಟಿಗೂ, ಪ್ರತಿ ಸಲವೂ ಹೀಗೇ ನೋಡಿದ್ಯಾ?”

“ಹೌದು ಮೇಡಂ. ಮೇಲಿಂದ, ಮಧ್ಯದಿಂದ, ತಳದಿಂದ ಒಂದೊಂದು ಹಿಡಿ. ಗಂಟೆಗೊಮ್ಮೆ.”

“ಹಾಗಿದ್ರೆ ಅದನ್ನೇ ಬರಿ. ಮಾಡಿದ್ದಷ್ಟೇ. ಚಂದ ಕಾಣ್ಲಿ ಅಂತ ಒಂದಕ್ಷರ ಸೇರಿಸ್ಬೇಡ.”

ತೊಟ್ಟಿಯ ಉಷ್ಣಾಂಶ ಅಳೆದಿರಲಿಲ್ಲ. ಅಳೆದಿಲ್ಲವೆಂದೇ ಬರೆದಳು. ಹಿಡಿ ಬೀಜವನ್ನು ಶುದ್ಧ ನೀರಿನಲ್ಲಿ ತೊಳೆದು ಅಂಗೈಗಳ ನಡುವೆ ಉಜ್ಜಿದಾಗ ಜಾರದೆ, ಮರಳಿನ ಹಾಗೆ ಒರಟಾಗಿ ಸದ್ದು ಮಾಡಬೇಕು; ಮೂರೂ ಹಿಡಿಗಳು ಹಾಗಾದರೆ ಮಾತ್ರ ತೊಟ್ಟಿಯ ಬೀಜವನ್ನೆಲ್ಲ ತೊಳೆಯಬೇಕು ಎಂದು ಬರೆದಳು. ಹುದುಗಲು ಹಿಡಿದ ಸಮಯವನ್ನು ತೊಟ್ಟಿವಾರು ಕೊಟ್ಟಳು.

ಎರಡನೆಯ ಸಲಕ್ಕೆ ಉಳಿದಿದ್ದದ್ದು ಕೊನೆಯ ಹಣ್ಣು. ಅದೂ ಕೆಟ್ಟರೆ ಈ ವರ್ಷಕ್ಕೆ ಮತ್ತೆ ಪರೀಕ್ಷಿಸಲು ಹಣ್ಣಿಲ್ಲ. ಗಂಟೆಗೊಮ್ಮೆ ಇಬ್ಬರೂ ಬೇರೆಬೇರೆಯಾಗಿ ನೋಡಿ ನನ್ನ ಕಿವಿಗಷ್ಟೇ ಹೇಳಬೇಕೆಂದೆ. ಇಬ್ಬರೂ ‘ಇನ್ನೂ ಇಲ್ಲ’ ಅಂದರು. ಮತ್ತೆ ‘ಇನ್ನೂ ಇಲ್ಲ’. ಅವಳು ತೋಟದ ಕಡೆ ಮುಖ ತಿರುಗಿಸಿ ನಿಂತಿದ್ದಳು. ಅವನು ಪುಟ ಓದಿದ, ತೊಳೆದ, ಉಜ್ಜಿದ, ಮತ್ತೆ ಪುಟ ಓದಿದ. ಬಂದು, “ಆತು ಮೇಡಂ,” ಅಂದ. ಅವಳನ್ನು ಕರೆದೆ. ಮೂರು ಹಿಡಿ ಉಜ್ಜಿ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದಳು. “ಆಯ್ತು ಮೇಡಂ.”

ಇಬ್ಬರದೂ ಒಂದೇ ಎಂದು ಹೇಳಿದಾಗ ಕುಣಿದಾಳು ಅಂದುಕೊಂಡಿದ್ದೆ. ಅವಳು ತೊಟ್ಟಿಯನ್ನೇ ನೋಡುತ್ತಾ ನಿಂತಳು.

“ಸರಿ ಬಿಡು,” ಅಂದೆ. “ಇನ್ನು ನಿನ್ನ ಪ್ರಯೋಗಕ್ಕೆ ನೀನೇ ಬೇಕು ಅಂತಿಲ್ಲ. ಈ ಪುಟ ಸಾಕು.”

ಒಂದು ಕ್ಷಣ ಅವಳಿಗೆ ನನ್ನ ಮೇಲೆ ಸಿಟ್ಟೇ ಬಂತು. ಆಮೇಲೆ ಅರ್ಥವಾಯಿತೇನೋ, ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡಳು. ಚಳ್ಳಕೆರೆಯವನು ಆಗಲೇ ಪ್ಯಾಂಟು ಮಡಚಿ ತೊಟ್ಟಿಗಿಳಿದು, ಯಾರನ್ನೂ ಕೇಳದೆ, ಬೀಜ ತೊಳೆಯತೊಡಗಿದ್ದ.