ಮೇಲ್ಮನವಿದಾರನ ಪರ ಒಂದು ವಾಕ್ಯ

ಕಾನೂನು ಕಾಲೇಜಿನ ಕೊನೆಯ ವರ್ಷ, ಕನ್ನಡ ಅಣಕು ನ್ಯಾಯಾಲಯ ಸ್ಪರ್ಧೆಗೆ ನಾನು ಮತ್ತು ನನ್ನ ಗೆಳತಿ ಜೋಡಿಯಾಗಿ ಹೆಸರು ಕೊಟ್ಟಿದ್ದೆವು. ನಾನು ಒಣಸೀಮೆಯ ನಾಗಮಂಗಲದವಳು, ಕಾಲುವೆ ಕಂಡರೆ ನಿಂತು ನೋಡುವ ಪೈಕಿ. ಅವಳು ಅರಕೆರೆಯವಳು, ಕಾಲುವೆಯ ಪಕ್ಕವೇ ಬೆಳೆದವಳು.

ಸ್ಪರ್ಧೆಯವರು ಕೊಟ್ಟ ಕಾಲ್ಪನಿಕ ಮೊಕದ್ದಮೆಯನ್ನು ಎರಡು ಸಲ ಓದಿದೆ. ತಡೆಗೋಡೆಯಿಲ್ಲದ ತಿರುವಿನಲ್ಲಿ ಬೈಕ್ ಸಮೇತ ಕಾಲುವೆಗೆ ಬಿದ್ದು ಒಬ್ಬ ಯುವಕ ಸಾಯುತ್ತಾನೆ. ಅಜಾಗರೂಕತೆ ಅವನದೇ ಎಂದು ಕೆಳ ನ್ಯಾಯಾಲಯ ನೀರಾವರಿ ನಿಗಮದ ಮೇಲಿನ ದಾವೆ ವಜಾ ಮಾಡುತ್ತದೆ. ಅಪ್ಪ ಹೈಕೋರ್ಟಿಗೆ ಮೇಲ್ಮನವಿ ಹಾಕುತ್ತಾನೆ. ನಾವು ಆ ಅಪ್ಪನ ಪರ. ಗೆಳತಿಯ ಅಣ್ಣ ಹಿಂದಿನ ವರ್ಷ ಹೀಗೆಯೇ ಹೋಗಿದ್ದ.

"ಬೇರೆಯವರಿಗೆ ಬಿಟ್ಟುಕೊಡೋಣ" ಎಂದೆ.

"ಯಾಕೆ ಬುಡಾನ? ನಾನೇ ಬರೀತೀನಿ" ಎಂದಳು. ನಾವು ಸಲ್ಲಿಸಬೇಕಾದ ಲಿಖಿತ ವಾದದಲ್ಲಿ ಸಂಗತಿಗಳ ನಿರೂಪಣೆ, ವಿವಾದಾಂಶಗಳು ಎರಡೂ ಅವಳ ಪಾಲಿಗೆ ಬಂದವು.

ಭಾನುವಾರ ಅವಳ ಮನೆಯ ಜಗುಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕರಡು ಓದಿದೆ. ಮೊದಲ ವಿವಾದಾಂಶ: 'ಗೋಡೆ ಕಟ್ಟದೆ ಕೊಂದವರು ಹೊಣೆಯಲ್ಲವೇ?'

"ಇದು ಪ್ರಶ್ನೆಯಲ್ಲ ಕಣೇ, ಬೈಗುಳ" ಎಂದೆ. ಅವಳೂ ನಕ್ಕಳು. 'ತಿರುವಿನಲ್ಲಿ ತಡೆಗೋಡೆ ಕಟ್ಟದಿರುವುದು ನೀರಾವರಿ ನಿಗಮದ ನಿರ್ಲಕ್ಷ್ಯವಾಗುತ್ತದೆಯೇ?' ಎಂದು ತಿದ್ದಿದೆವು. ವಿವಾದಾಂಶದಲ್ಲಿ ಕೇಳಬೇಕು, ತೀರ್ಪು ಕೊಡಬಾರದು.

ಸಂಗತಿಗಳನ್ನು ಚೆನ್ನಾಗಿ ಬರೆದಿದ್ದಳು. ವಾದವಿಲ್ಲ, ಅಳುವಿಲ್ಲ, ಎಲ್ಲ ಭೂತಕಾಲದಲ್ಲಿ. ನಡುವೆ ಒಂದು ವಾಕ್ಯ ಮಾತ್ರ ಎಡವಿತು: 'ಮೃತನಿಗೆ ಚೆನ್ನಾಗಿ ಈಜು ಬರುತ್ತದೆ.'

ಮೊಕದ್ದಮೆಯ ಹಾಳೆಗಳನ್ನು ಮತ್ತೆ ತಿರುವಿದೆ. ಈಜಿನ ಮಾತೇ ಇರಲಿಲ್ಲ. ಕೊಟ್ಟ ಸಂಗತಿಗೆ ಹೊರಗಿನ ಒಂದು ಸಾಲನ್ನೂ ಸೇರಿಸುವಂತಿಲ್ಲ, ಸೇರಿಸಿದರೆ ಎದುರು ತಂಡ ಬಿಡುವುದಿಲ್ಲ, ತೀರ್ಪುಗಾರರೂ ಬಿಡುವುದಿಲ್ಲ.

"ಇದು ಎಲ್ಲಿದೆ?" ಎಂದೆ. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಹೊಳೆಯಿತು.

ಅವಳು ಕಾಲುವೆಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. "ಊರೋರೆಲ್ಲ ನಮ್ಮಣ್ಣ ಈಜು ಬರ್ದೋನು, ಅದ್ಕೇ ಸತ್ತ ಅಂತಾವ್ರೆ. ನಂಗೆ ಈಜು ಕಲ್ಸಿದ್ದೇ ಅವ್ನು ಕಣೇ. ಬೈಕು ಮೇಲೆ ಬಿದ್ರೆ ಯಾರು ಈಜ್ತಾರೆ? ಒಂದ್ಕಡೆನಾದ್ರೂ ಇರ್ಲಿ ಬುಡೇ."

ಇರಲಿ ಎನ್ನುವ ಮಾತು ನನ್ನ ನಾಲಿಗೆಯವರೆಗೆ ಬಂದಿತ್ತು. ಆದರೆ ತೀರ್ಪುಗಾರರ ಮುಂದೆ ನಿಂತು 'ಈ ಸಂಗತಿ ಎಲ್ಲಿಂದ ಬಂತು?' ಎಂಬ ಪ್ರಶ್ನೆಗೆ ಉತ್ತರಿಸಬೇಕಾದವಳು ಅವಳೇ. ಅಷ್ಟು ಜನರ ಎದುರು ಅವಳ ಅಣ್ಣನನ್ನು ಯಾರೋ ಪಾಟೀಸವಾಲಿಗೆ ಎಳೆಯುವುದು ನನಗೆ ಬೇಡವಾಗಿತ್ತು. ಹಾಗೆಂದೇ ಹೇಳಿದೆ.

ಅವಳು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಅಳಿಸುತ್ತಾಳೆ ಎಂದುಕೊಂಡೆ. ಮೊದಲು 'ಬರುತ್ತದೆ' ಎಂಬುದನ್ನು 'ಬರುತ್ತಿತ್ತು' ಎಂದು ತಿದ್ದಿದಳು. ಅದನ್ನು ಮತ್ತೊಮ್ಮೆ ಓದಿಕೊಂಡಳು. ಆಮೇಲೆ ಇಡೀ ವಾಕ್ಯವನ್ನು ತೆಗೆದುಹಾಕಿದಳು.