ಅಣ್ಣನ ಮೆಷಿನ್ನಿಗೆ ಒಗ್ಗದ ಆಟ

ಅಣ್ಣನನ್ನು ಅವನ ಸ್ನೇಹಿತರಿಂದ ದೂರ ಮಾಡಿದವಳು ನಾನು ಅನ್ನುವುದು ನಮ್ಮನೆಯಲ್ಲಿ ಚಾಲ್ತಿಯಲ್ಲಿರುವ ಕಥೆ. ಆಟ ಕೊಳ್ಳಲು ಹೋದವನನ್ನು ತಂಗಿ ವಾದ ಮಾಡಿ ತಡೆದಳಂತೆ, ಅಲ್ಲಿಗೆ ಗೆಳೆತನವೂ ಮುಗಿಯಿತಂತೆ. ಒಂದಾದ ಮೇಲೆ ಇನ್ನೊಂದು ನಡೆದರೆ ಮೊದಲನೆಯದೇ ಕಾರಣ ಅನ್ನುವ ತರ್ಕವನ್ನು ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಯಾರೂ ಎರಡು ನಿಮಿಷ ಬದುಕಲು ಬಿಡುವುದಿಲ್ಲ. ಮನೆಯಲ್ಲಿ ಮಾತ್ರ ಅದಕ್ಕೆ ದೀರ್ಘಾಯುಷ್ಯ.

ಅಣ್ಣನಿಗೆ ಶಿವನಸಮುದ್ರದ ಕರೆಂಟ್ ಸ್ಟೇಷನ್ನಿನಲ್ಲಿ ಕೆಲಸ. ಅಲ್ಲೇ ಕ್ವಾರ್ಟರ್ಸಿನಲ್ಲಿ ಒಬ್ಬನೇ ಇರುತ್ತಾನೆ. ಅವನ ಜೊತೆ ಡಿಪ್ಲೊಮಾ ಓದಿದ ಮೂವರು ಮಂಡ್ಯ, ಮದ್ದೂರಿನಲ್ಲಿದ್ದಾರೆ. ಭಾನುವಾರ ಮಧ್ಯಾಹ್ನ ನಾಲ್ವರೂ ಆನ್‌ಲೈನ್‌ನಲ್ಲಿ ಒಂದೇ ಆಟ ಆಡುತ್ತಿದ್ದರು. ಅಣ್ಣನದು ಎರಡೂ ಕೈಯಲ್ಲಿ ಹಿಡಿದು ಆಡುವ ಪುಟ್ಟ ಗೇಮಿಂಗ್ ಕಂಪ್ಯೂಟರ್. ನನ್ನ ಕಾಲೇಜಿನ ರಜೆಯ ಒಂದು ಭಾನುವಾರದಿಂದ ಹಳೆಯ ಆಟ ಬಿಟ್ಟು ಹೊಸದಕ್ಕೆ ಹೋಗುವುದೆಂದು ಆ ಮೂವರು ತೀರ್ಮಾನಿಸಿದ್ದರು. ಹೊಸದು ಇವನಲ್ಲಿ ಓಡದಿದ್ದರೆ ಇವನು ಗುಂಪಿನಿಂದ ಹೊರಗೆ. ವಿಷಯ ಇಷ್ಟೇ.

ಆ ವಾರ ನಾನೂ ಅವನ ಜೊತೆ ಕ್ವಾರ್ಟರ್ಸಿಗೆ ಹೊರಟಿದ್ದೆ. ದಾರಿಯಲ್ಲಿ ಮದ್ದೂರಿನಲ್ಲಿ ಇಳಿದು ಆ ಮೂವರಲ್ಲಿ ಒಬ್ಬನ ಮೊಬೈಲ್ ರಿಪೇರಿ ಅಂಗಡಿಗೆ ಹೋದೆವು. ಅಲ್ಲೇ ಕೂತು ಫೋನಿನಲ್ಲಿ ಆಟ ಕೊಳ್ಳುವುದೆಂದು ಅಣ್ಣ ಹೇಳಿದ್ದ. ಅವರ ಗುಂಪಿನ ಪದ್ಧತಿ ಏನೆಂದರೆ, ಆಟವನ್ನು ಮೊದಲು ಈ ಅಂಗಡಿಯವನು ಕೊಳ್ಳುತ್ತಾನೆ, ಉಳಿದವರು ಹಿಂದೆ ಬರುತ್ತಾರೆ.

"ತಗೊಳ್ಲಾ, ಓಡ್ತದೆ. ವಾರದಿಂದ ಇದ್ರಲ್ಲೇ ಆಡ್ತಾ ಇವ್ನಿ," ಅಂತ ಅಂಗಡಿಯವನು ತನ್ನ ಮೆಷಿನ್ ಎತ್ತಿ ತೋರಿಸಿದ.

"ಅದು ನಿಮ್ಮದು. ಇವನದು ಬೇರೆ," ಅಂದೆ.

"ಎರಡೂ ಕೈಲಿ ಹಿಡ್ಕೊಳೋವೇ ಅಲ್ವಾ ಕಣಮ್ಮ?" ಅಂದು ಅಣ್ಣನ ಕಡೆ ತಿರುಗಿದ. "ಏನ್ಲಾ ನಿನ್ ತಂಗಿ, ಟೀ ಕೊಟ್ರೂ ಸಾಕ್ಷಿ ಕೇಳ್ತಾಳಲ್ಲೋ."

ಹಿಡಿಯುವ ರೀತಿ ಒಂದೇ ಆದರೆ ಒಳಗಿರುವುದೂ ಒಂದೇ ಆಗುತ್ತದೆಯೇ? ಅವನದರಲ್ಲಿ ವಿಂಡೋಸ್ ಇತ್ತು, ಅಣ್ಣನದರಲ್ಲಿ ಲಿನಕ್ಸ್ ಎಂಬ ಬೇರೆ ವ್ಯವಸ್ಥೆ. ವಿಂಡೋಸಿಗೆಂದು ಮಾಡಿದ ಆಟಗಳು ಅದರಲ್ಲಿ ನಡುವೆ ಒಬ್ಬ ದುಭಾಷಿಯನ್ನು ಇಟ್ಟುಕೊಂಡಂತೆ ಓಡುತ್ತವೆ. ಬಹಳಷ್ಟು ಚೆನ್ನಾಗಿಯೇ ಓಡುತ್ತವೆ. ಎಲ್ಲವೂ ಅಲ್ಲ.

ನನ್ನ ಫೋನಿನಲ್ಲಿ, ಆಟ ಮಾರುವ ಆನ್‌ಲೈನ್ ಅಂಗಡಿಯ ಪುಟ ತೆರೆದೆ. ಅಣ್ಣನ ಮೆಷಿನ್ನಿಗೆ "ಆಡಬಹುದು" ಎಂಬ ಹಳದಿ ಗುರುತಿತ್ತು. ಅಕ್ಷರ ಸಣ್ಣದಾಗಿ ಕಾಣಬಹುದು ಅನ್ನುವ ಎಚ್ಚರಿಕೆ ಬಿಟ್ಟರೆ ತಕರಾರಿಲ್ಲ.

"ನೋಡು, ಮಾರೋನೇ ಬರ್ದವ್ನೆ," ಅಂದ ಅಂಗಡಿಯವನು.

"ಯಾವಾಗ ಬರೆದದ್ದು?"

ಆಡಿದವರೇ ತಮ್ಮ ಅನುಭವ ಬರೆಯುವ ಇನ್ನೊಂದು ತಾಣಕ್ಕೆ ಹೋಗಿ, ಹೊಸ ವರದಿ ಮೇಲೆ ಬರುವಂತೆ ಜೋಡಿಸಿದೆ. ಹಳೆಯವೆಲ್ಲ ಹೊಗಳಿಕೆ. ಇತ್ತೀಚಿನ ಅಪ್‌ಡೇಟ್ ನಂತರದವು ಬೇರೆಯೇ: ಒಬ್ಬರೇ ಆಡುವ ಕಥೆಯ ಭಾಗ ಓಡುತ್ತದೆ, ಆನ್‌ಲೈನ್‌ಗೆ ಹೋದರೆ ಮೋಸ ತಡೆಯುವ ಪ್ರೋಗ್ರಾಂ ಹೊರಗೆ ತಳ್ಳುತ್ತದೆ. ಆ ಪ್ರೋಗ್ರಾಂ ಲಿನಕ್ಸಿನಲ್ಲಿ ಕೆಲಸ ಮಾಡಬಲ್ಲದು, ಆದರೆ ಅದಕ್ಕೆ ಆಟ ತಯಾರಿಸಿದವರು ಅನುಮತಿ ಕೊಡಬೇಕು. ಕೊಟ್ಟಿಲ್ಲವೆಂದು ಅವರ ಪುಟದಲ್ಲೇ ಇತ್ತು. ಹಳದಿ ಗುರುತು ಆ ಅಪ್‌ಡೇಟಿಗಿಂತ ಹಳೆಯದು.

"ಓಡ್ದಿದ್ರೆ ವಾಪಸ್ ಕೊಡ್ಲಿ. ಎರಡು ಗಂಟೆಗಿಂತ ಕಮ್ಮಿ ಆಡಿದ್ರೆ ದುಡ್ಡು ಬತ್ತದೆ," ಅಂದ ಅಂಗಡಿಯವನು.

ಅದು ಗಟ್ಟಿ ಮಾತು, ಒಪ್ಪಿಕೊಂಡೆ. "ದುಡ್ಡು ಬರ್ತದೆ. ಭಾನುವಾರ ಇವನು ನಿಮ್ಮ ಜೊತೆ ಆಡೋದು ಹೆಂಗೆ?"

"ವಿಂಡೋಸ್ ಹಾಕ್ಕಳ್ಳಿ ಬುಡು."

"ಇವನು ಮೆಷಿನ್ನನ್ನೇ ಬದಲಿಸ್ಬೇಕು, ನೀವು ಆಟ ಬದಲಿಸ್ಬಾರ್ದು?"

"ಮೂರು ಜನ ತಗೊಂಡಾಯ್ತಲ್ಲಮ್ಮ," ಅಂದು ಬಿಚ್ಚಿಟ್ಟ ಫೋನಿನ ಮೇಲೆ ಬಗ್ಗಿದ.

ಅಣ್ಣ "ಬತ್ತೀನಿ ಕಣ್ಲಾ" ಅಂದು ಎದ್ದ.

ಬಸ್ಸು ಮಳವಳ್ಳಿ ದಾಟಿದ ಮೇಲೆ ತನ್ನ ಫೋನ್ ನನ್ನ ಕೈಗಿಟ್ಟ. ನಾನು ಅಂಗಡಿಯಲ್ಲಿ ತೆರೆದಿದ್ದ ಅದೇ ವರದಿಗಳ ಪುಟ ಅಲ್ಲಿ ತೆರೆದಿತ್ತು.

"ಮೂರು ದಿನದ ಹಿಂದೆನೇ ಓದಿದ್ದೆ," ಅಂದ.

"ಮತ್ತೆ ಕೊಳ್ಳಕ್ಕೆ ಯಾಕೆ ಹೊರಟಿದ್ದೆ?"

"ತಗೊಂಡಿದ್ರೆ ಅವ್ರ ಫ್ರೆಂಡ್ಸ್ ಲಿಸ್ಟಲ್ಲಿ ನನ್ನ ಹೆಸರಿನ ಕೆಳಗೂ ಆ ಆಟ ಕಾಣ್ತಿತ್ತು. ಡ್ಯೂಟಿ ಅದೆ, ಈ ವಾರ ಆಗಲ್ಲ ಅನ್ಬೋದಿತ್ತು. ಅವ್ರು ಕಾಯ್ತಿದ್ರು. ನೀನು ಆಗಲ್ಲ ಅಂತ ತೋರ್ಸ್ಬುಟ್ಟೆ."

ಆ ಭಾನುವಾರ ಮೂವರೇ ಆಡಿದರು. ಮುಂದಿನ ವಾರವೂ ಅವರಿಂದ ಅಣ್ಣನಿಗೆ ಫೋನ್ ಬರಲಿಲ್ಲ. ಮನೆಯವರ ಕಥೆ ಹುಟ್ಟಿದ್ದು ಇಲ್ಲಿಂದ. ನಾನಂತೂ ಅದಕ್ಕೆ ಸಹಿ ಹಾಕುವುದಿಲ್ಲ. ಓಡದ ಆಟ ಕೊಂಡು, ಎಷ್ಟು ಭಾನುವಾರ ಡ್ಯೂಟಿಯ ನೆಪ ಹೇಳಬಹುದಿತ್ತು? ಅದನ್ನು ಗೆಳೆತನ ಅನ್ನುವುದಾದರೆ, ಮುರಿದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಆದರೆ ಬೆಳಕವಾಡಿ ಹತ್ತಿರ ಬಸ್ಸಿನಲ್ಲಿ ನಾನು ಕೇಳಿದ್ದಕ್ಕೆ ಕಿಟಕಿಯ ಕಡೆ ತಿರುಗಿದವನು ಇವತ್ತಿನವರೆಗೂ ಉತ್ತರಿಸಿಲ್ಲ. ಇಲ್ಲಿ ಇನ್ನೊಮ್ಮೆ ಕೇಳುತ್ತಿದ್ದೇನೆ: ಅಣ್ಣಾ, ನಾಲ್ಕು ಮೆಷಿನ್ನಲ್ಲೂ ಓಡೋ ಆಟ ಹುಡುಕೋಣ ಅಂತ ಆ ಮೂವರಲ್ಲಿ ಒಬ್ಬರಿಗಾದರೂ ನೀನು ಯಾಕೆ ಹೇಳಲಿಲ್ಲ?