ಕಡಬದಾಚೆಯಿಂದ ಬಂದ ಮೂರನೆಯ ಆರ್ಡರ್

ತಂಗಿ ಪುತ್ತೂರಿನಲ್ಲಿ ಸೋಪು ಮಾಡುತ್ತಾಳೆ. ನಾನು ಕಾಸ್ಟಿಕ್ ಸೋಡಾ ತೂಗಿ ಕೊಡುತ್ತೇನೆ, ಉಳಿದ ಹೊತ್ತು ಹೆದರುತ್ತೇನೆ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಾಮಾನು ತೂಗಿಯೇ ಬದುಕಿದವನು ನಾನು, ಹೆದರುವ ಅಭ್ಯಾಸ ಅಲ್ಲಿಂದಲೇ ಬಂತೋ, ಅದನ್ನು ನೋಡಿಯೇ ಅವರು ನನ್ನನ್ನು ಅಲ್ಲಿಗೆ ಸೇರಿಸಿಕೊಂಡರೋ ಗೊತ್ತಿಲ್ಲ. ತೆಂಗಿನೆಣ್ಣೆ, ಪುನರ್ಪುಳಿ ಬೀಜದ ತುಪ್ಪ, ಸ್ವಲ್ಪ ಮಜ್ಜಿಗೆಹುಲ್ಲಿನ ಎಣ್ಣೆ. ಅಚ್ಚಿನಿಂದ ತೆಗೆದ ಮೇಲೆ ಆರು ವಾರ ಹಲಗೆಯ ಮೇಲೆ ಒಣಗಬೇಕು. ಆ ಆರು ವಾರವೂ ನಾನು ದಿನಕ್ಕೊಮ್ಮೆ ಹೋಗಿ ಅವುಗಳ ಮುಖ ನೋಡಿ ಬರುತ್ತೇನೆ, ಆಸ್ಪತ್ರೆಯಲ್ಲಿ ನೆಂಟರನ್ನು ನೋಡಿ ಬಂದ ಹಾಗೆ.

ಕಳೆದ ವರ್ಷ ಅವಳಿಗೆ ಒಂದು ಆಲೋಚನೆ ಬಂತು. ಇನ್‌ಸ್ಟಾಗ್ರಾಮಿನಲ್ಲಿ ನಮ್ಮ ಕಡೆಯವರೇ ಯಾರಾದರೂ ಒಬ್ಬರಿಗೆ ಸೋಪು ಕೊಡುವುದು, ಅವರು ಅದರ ಬಗ್ಗೆ ಒಂದು ವಿಡಿಯೋ ಹಾಕುವುದು. ದುಡ್ಡಿನ ಮಾತಿಲ್ಲ, ವಸ್ತುವಿಗೆ ಪ್ರಚಾರ.

"ದೊಡ್ಡವರು ಬೇಡ ಅಣ್ಣ," ಎಂದಳು. "ದೊಡ್ಡವರು ಸೋಪಿನ ಕಟ್ಟು ಬಿಚ್ಚುದೂ ಇಲ್ಲ. ಐದು ಸಾವಿರ, ಹತ್ತು ಸಾವಿರ ಜನ ನೋಡುವವರು ಸಾಕು."

ಮೊದಲು ಮೂವರ ಪಟ್ಟಿ ಮಾಡಿದೆವು. ಒಬ್ಬ ಪುತ್ತೂರಿನವನು, ತಂಗಿಯ ಲೆಕ್ಕಕ್ಕಿಂತ ದೊಡ್ಡವನೇ, ನಲವತ್ತು ಸಾವಿರ ಫಾಲೋವರ್ಸ್. ಅವನ ಕಮೆಂಟುಗಳಲ್ಲಿ ಬೆಂಕಿಯ ಚಿಹ್ನೆ ಬಿಟ್ಟರೆ ಒಂದು ವಾಕ್ಯವಿಲ್ಲ, ಬರೆದವರಲ್ಲಿ ಅರ್ಧದಷ್ಟು ಜನರ ಖಾತೆಗೆ ಮುಖವೇ ಇಲ್ಲ. ಎರಡನೆಯವಳು ವಾರಕ್ಕೆ ನಾಲ್ಕು ಕ್ರೀಮು ಹೊಗಳುವವಳು, ಐದನೆಯದಾಗಿ ನಮ್ಮ ಸೋಪು ಹೊಗಳಿದರೆ ಯಾರು ನಂಬುತ್ತಾರೆ? ಮೂರನೆಯವಳು ಸುಳ್ಯದ ಕಡೆಯ ಗೃಹಿಣಿ. ಆರು ಸಾವಿರ ಚಿಲ್ಲರೆ. ಅಡುಗೆ, ಅಂಗಳ, ಅತ್ತೆಯ ಜೊತೆ ಜಗಳದ ತಮಾಷೆ. ಅವಳ ವಿಡಿಯೋಗಳ ಕೆಳಗೆ ಜನ ಪ್ರಶ್ನೆ ಕೇಳುತ್ತಿದ್ದರು: 'ಅಕ್ಕಾ ಆ ಕಡುಬಿನ ಪಾತ್ರೆ ಎಲ್ಲಿ ಸಿಕ್ಕಿತು?' ಅವಳು ಒಬ್ಬೊಬ್ಬರಿಗೂ ಉತ್ತರ ಕೊಡುತ್ತಿದ್ದಳು. ಪಾತ್ರೆ ತಂದವರು ಮತ್ತೆ ಬಂದು ತಂದೆವು ಎಂದು ಬರೆಯುತ್ತಿದ್ದರು.

"ಇದು ನೋಡು," ತಂಗಿ ಬೆರಳಿಟ್ಟು ತೋರಿಸಿದಳು. "ಇವಳು ಹೇಳಿದರೆ ಜನ ಕೇಳ್ತಾರೆ."

ನಾನೂ ತಲೆಯಾಡಿಸಿದೆ. ಹೆದರಬೇಕಾದ ವಾಕ್ಯ ಎದುರಿಗೇ ಇತ್ತು, ನಾನು ಅದನ್ನು ಮೆಚ್ಚಿಕೊಂಡೆ.

ಅವಳಿಗೆ ಬರೆಯುವ ಮೊದಲ ಸಂದೇಶ ನಾನೇ ಬರೆದೆ. ಮದುವೆ ಕಾಗದದ ಹಾಗಿತ್ತು. ತಂಗಿ ಓದಿ, "ಇದರಲ್ಲಿ ಮುಹೂರ್ತ ಒಂದು ಇಲ್ಲ ಮಾರಾಯ," ಎಂದು ಅಳಿಸಿ ತಾನೇ ಬರೆದಳು. ನಿಮ್ಮ ಹಲಸಿನ ಹಪ್ಪಳದ ವಿಡಿಯೋ ನೋಡಿದೆವು, ನಾವು ಪುತ್ತೂರಿನಲ್ಲಿ ಕೈಯಲ್ಲಿ ಸೋಪು ಮಾಡುತ್ತೇವೆ, ಆರು ಸೋಪು ಕಳಿಸುತ್ತೇವೆ, ಹದಿನೈದು ದಿನ ಬಳಸಿ, ಇಷ್ಟವಾದರೆ ಮಾತ್ರ ಒಂದು ರೀಲು, ಎರಡು ಸ್ಟೋರಿ. ಉಡುಗೊರೆಯಾಗಿ ಬಂದದ್ದು ಎಂದು ಮೇಲೆಯೇ ಹಾಕಬೇಕು. ನೋಡುವವರು ಯಾವ ಊರಿನವರು ಎಂಬ ಪುಟದ ಸ್ಕ್ರೀನ್‌ಶಾಟ್ ಕೊಡಬಹುದೇ? ಕೊನೆಯ ಸಾಲು: 'ನಾವು ಮಾತು ಬರೆದು ಕೊಡುವುದಿಲ್ಲ. ನಿಮಗೆ ಅನಿಸಿದ್ದನ್ನು ನಿಮ್ಮ ಮಾತಿನಲ್ಲೇ ಹೇಳಿ.'

ಆ ಸಾಲಿನ ಬಗ್ಗೆ ನಮಗಿಬ್ಬರಿಗೂ ತುಂಬ ಹೆಮ್ಮೆ. ಏನು ಹೇಳಬಾರದು ಎಂಬ ಒಂದು ಸಾಲನ್ನು ಅದರ ಕೆಳಗೆ ಸೇರಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಸ್ಕ್ರೀನ್‌ಶಾಟ್ ಬಂತು: ಸುಳ್ಯ, ಪುತ್ತೂರು, ಮಂಗಳೂರು, ಮಡಿಕೇರಿ. ಸೋಪು ಹೋಯಿತು. ಅಳೆಯುವುದಕ್ಕೆ ಅವಳ ಹೆಸರಿನದ್ದೇ ಒಂದು ಕೋಡ್ ಮಾಡಿದೆವು, ಅದನ್ನು ಹಾಕಿದವರಿಗೆ ಪಾರ್ಸೆಲ್ ಖರ್ಚಿಲ್ಲ. ಹಾಗಾಗಿ ಯಾರು ಅವಳಿಂದ ಬಂದವರು ಎಂದು ಗೊತ್ತಾಗುತ್ತಿತ್ತು. ರೀಲಿಗೆ ಮೊದಲಿನ ನಾಲ್ಕು ವಾರಗಳಲ್ಲಿ ಆ ಕಡೆಯಿಂದ ಎಷ್ಟು ಆರ್ಡರ್ ಬಂದಿತ್ತೆಂದು ತಂಗಿ ಮೊದಲೇ ಬರೆದಿಟ್ಟಳು. ಲೈಕು ಎಣಿಸುವುದಿಲ್ಲ ಎಂದು ನಿಶ್ಚಯವಾಯಿತು. ಎಷ್ಟು ಜನ ಸೇವ್ ಮಾಡಿದರು, ಎಷ್ಟು ಜನ ಕಳಿಸಿದರು, ಕೋಡ್ ಹಾಕಿ ಎಷ್ಟು ಜನ ಕೊಂಡರು. ಎಲ್ಲಕ್ಕಿಂತ ಮೇಲೆ, ಅವರಲ್ಲಿ ಎಷ್ಟು ಜನ ಎರಡನೆಯ ಸಲ ಕೊಂಡರು.

ಒಂದು ಭಾನುವಾರ ರೀಲು ಬಂತು. ಅವಳು ಬಚ್ಚಲಿನ ಎದುರು ನಿಂತು ಸೋಪು ಹಿಡಿದು ನಗುತ್ತಿದ್ದಳು. ನೊರೆ, ಪರಿಮಳ, ಉಡುಗೊರೆಯಾಗಿ ಬಂದದ್ದು, ಎಲ್ಲ ಹೇಳಿದಳು. ಕೊನೆಗೆ ಅತ್ತೆಯ ಪಾದ ತೋರಿಸಿ, "ನಮ್ಮ ಅತ್ತೆಯ ಕಾಲಲ್ಲಿ ಗಾಯ ಒಂದು ಒಣಗದೆ ಇತ್ತು. ಇದರಲ್ಲಿ ತೊಳೆದದ್ದು, ಎಂಟು ದಿನದಲ್ಲಿ ಒಣಗಿತು ನೋಡಿ," ಎಂದಳು.

ಆ ಕೊನೆಯ ಮಾತನ್ನು ನಾನು ಮತ್ತೊಮ್ಮೆ ಹಾಕಿ ಕೇಳಿದೆ. ನಮ್ಮ ಲೈಸೆನ್ಸ್ ಮೈ ತೊಳೆಯುವ ಸೋಪಿನದ್ದು. ಗಾಯ ಗುಣವಾಗುತ್ತದೆ ಎಂದ ಕೂಡಲೇ ಅದು ಔಷಧಿಯ ಸಾಲಿಗೆ ಹೋಗುತ್ತದೆ, ನಾವು ಔಷಧಿ ಮಾಡುವವರಲ್ಲ. ತಂಗಿಗೆ ಹೇಳಿದೆ.

"ಅಣ್ಣ, ಹೋದ ವಾರ ನೀನು ಪಾರ್ಸೆಲಿನಲ್ಲಿ ಸೋಪು ಬೆವರಿ ಸಾಯ್ತದೆ ಅಂದದ್ದು. ಸತ್ತಿತಾ?"

ಸತ್ತಿರಲಿಲ್ಲ. ಎಲ್ಲದಕ್ಕೂ ಹೆದರುವವನ ಕಷ್ಟ ಇದು: ಸರಿಯಾದದ್ದಕ್ಕೆ ಹೆದರಿದ ದಿನ ಅದಕ್ಕೆ ಬೇರೆ ಧ್ವನಿ ಇರುವುದಿಲ್ಲ. ಆ ಮಾತನ್ನು ಅಲ್ಲಿಗೇ ಬಿಟ್ಟೆ. ಆರ್ಡರುಗಳೂ ಬರುತ್ತಿದ್ದವು ಎಂಬುದನ್ನು ಮುಚ್ಚಿಡುವುದಿಲ್ಲ. ಸಂಪಾಜೆಯಿಂದ, ಕೊಲ್ಲಮೊಗ್ರುವಿನಿಂದ, ಹೆಸರೇ ಕೇಳದ ಕ್ರಾಸುಗಳಿಂದ. ಒಂದು ವಾರದಲ್ಲಿ ಒಂದು ಹಲಗೆ ಬರಿದಾಯಿತು.

ಮೂರನೆಯ ವಾರ ತಂಗಿ ನೋಟುಪುಸ್ತಕ ಹಿಡಿದು ಓಡಿ ಬಂದಳು. ಕಡಬದಾಚೆಯ ಒಬ್ಬರು ಮೂರನೆಯ ಸಲ ಆರ್ಡರ್ ಮಾಡಿದ್ದರು. ಅವರ ಹೆಸರಿಗೆ ಅವಳು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಳು.

"ಇಂಥವರು ಹತ್ತು ಜನ ಸಿಕ್ಕಿದರೆ ಸಾಕು!"

ನಾನು ಲೆಕ್ಕ ಹಾಕಿದೆ. ಹತ್ತೊಂಬತ್ತು ದಿನ, ಒಂಬತ್ತು ಸೋಪು. ಒಬ್ಬ ಮನುಷ್ಯನಿಗೆ ಒಂದು ಸೋಪು ಮೂರು ವಾರ ಬರುತ್ತದೆ. ದೊಡ್ಡ ಕುಟುಂಬ ಇರಬಹುದು, ಅಂಗಡಿಯವರಿರಬಹುದು. ಮತ್ತೆ ಕೊಂಡವರಿಗೆ ಫೋನು ಮಾಡಿ ಅಭಿಪ್ರಾಯ ಕೇಳುವುದು ಹೇಗೂ ನಮ್ಮ ಪಟ್ಟಿಯಲ್ಲಿತ್ತು. ಮಾಡಿದೆ.

"ಮನೆಯಲ್ಲಿ ಎಷ್ಟು ಜನ ಇದ್ದೀರಿ?"

"ನಾನೊಬ್ಬನೇ ಮಾರಾಯ್ರೆ. ಮೈಗೆ ಬೇರೆ ಸೋಪು ಉಂಟು. ಇದು ಕಾಲಿಗೆ ಮಾತ್ರ."

ಕಾಲಿಗೆ ಎಂತ ಆಗಿದೆ ಎಂದು ಕೇಳಿದೆ. ಹೆಬ್ಬೆರಳ ಅಡಿಯಲ್ಲಿ ಸಣ್ಣ ಗಾಯ, ಎರಡು ತಿಂಗಳಾಯಿತು. ಶುಗರ್ ಉಂಟು. ಮೊದಲು ಪುತ್ತೂರಿಗೆ ಬಂದು ಬ್ಯಾಂಡೇಜು ಕಟ್ಟಿಸಿಕೊಳ್ಳುತ್ತಿದ್ದರು, ರೀಲು ನೋಡಿದ ಮೇಲೆ ನಿಲ್ಲಿಸಿದರು. ದಿನಕ್ಕೆ ನಾಲ್ಕು ಸಲ ಬಿಸಿನೀರಿನಲ್ಲಿ ತೊಳೆಯುತ್ತಾರೆ.

"ಈಗ ನೋವು ಚೂರೂ ಇಲ್ಲ. ವಾಸನೆ ಒಂದು ಉಂಟು. ನಿಮ್ಮ ಸೋಪು ಅದಕ್ಕೇ ಒಳ್ಳೆಯದು, ವಾಸನೆ ಮುಚ್ತದೆ."

ಫೋನು ಇಟ್ಟ ಮೇಲೆ ತಂಗಿ ನನ್ನ ಮುಖ ನೋಡಿ ಪುಸ್ತಕ ಮುಚ್ಚಿದಳು.

ಅವಳು ಸುಳ್ಯಕ್ಕೆ ಫೋನು ಮಾಡಿ ರೀಲು ತೆಗೆಯಿರಿ ಎಂದಳು. ಸ್ಪೀಕರಿನಲ್ಲಿ ಕೇಳುತ್ತಿತ್ತು.

"ನೀವೇ ಅಲ್ವಾ ಅಕ್ಕ, ನನ್ನ ಮಾತಲ್ಲೇ ಹೇಳು ಅಂದದ್ದು? ನಾನು ಸುಳ್ಳು ಹೇಳ್ಲಿಲ್ಲ."

"ಅತ್ತೆ ಮಾತ್ರೆ ತಕ್ಕೊಳ್ತಿದ್ರಾ?"

"ತಕ್ಕೊಳ್ತಿದ್ರು. ಡಾಕ್ಟ್ರು ಐದು ದಿನದ್ದು ಕೊಟ್ಟಿದ್ರು. ಅದು ಎಂತಕ್ಕೆ ಹೇಳುದು ಅಂತ..."

ಅವಳಿಗೆ ಅದು ಇದುವರೆಗಿನ ಎಲ್ಲಕ್ಕಿಂತ ಹೆಚ್ಚು ಜನ ನೋಡಿದ ರೀಲು. ಒತ್ತಾಯ ಮಾಡಲು ನಮ್ಮ ಕೈಯಲ್ಲಿ ಒಪ್ಪಂದವೆಂಬ ಕಾಗದವಿಲ್ಲ, ಆರು ಸೋಪಿನ ದಾಕ್ಷಿಣ್ಯ ಮಾತ್ರ. ಕಡಬದವರ ವಿಷಯ ಹೇಳಿದ ಮೇಲೆ ಅವಳು ತೆಗೆದಳು. ಆಗಲೇ ಅದು ಯಾರು ಯಾರದೋ ಸ್ಟೇಟಸ್ಸಿನಲ್ಲಿ, ಕುಟುಂಬದ ಗ್ರೂಪುಗಳಲ್ಲಿ ಓಡಾಡುತ್ತಿತ್ತು. ಅಲ್ಲಿಂದ ತೆಗೆಯುವವರು ಯಾರು? ಕೋಡ್ ಹಾಕಿ ಕೊಂಡ ಎಲ್ಲರಿಗೂ ಅದೇ ದಿನ ಸಂದೇಶ ಕಳಿಸಿದೆವು: ಇದು ಗಾಯಕ್ಕೆ ಅಲ್ಲ, ಗಾಯ ಇದ್ದರೆ ಡಾಕ್ಟರಿಗೆ ತೋರಿಸಿ. ಕೆಲವರು ಕೈಮುಗಿದ ಚಿಹ್ನೆ ಹಾಕಿದರು.

ಮರುದಿನ ನಾವಿಬ್ಬರೂ ಕಾರು ತೆಗೆದುಕೊಂಡು ಕಡಬ ದಾಟಿ ಹೋದೆವು. ಸೋಪು ಮಾಡುವವರೇ ಮನೆಗೆ ಬಂದರೆಂದು ಅವರಿಗೆ ಸಂಭ್ರಮ. ಕುರ್ಚಿ ಎಳೆದು ಹಾಕಲು ಕುಂಟಿಕೊಂಡು ಓಡಾಡಿದರು. ಕೋಣೆಯಲ್ಲಿ ಮಜ್ಜಿಗೆಹುಲ್ಲಿನ ಪರಿಮಳ ತುಂಬಿತ್ತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ. ಅವರು ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ತಂಗಿ ಬಾಗಿಲ ಕಡೆ ತಿರುಗಿದಳು.

"ಇದನ್ನು ಇನ್ನು ಹಾಕಬೇಡಿ. ಈಗಲೇ ಆಸ್ಪತ್ರೆಗೆ ಹೋಗುವ," ಎಂದೆ.

ಅವರು ನಕ್ಕರು. "ಸೋಪು ಮಾಡುವವರೇ ಬೇಡ ಹೇಳುದಾ? ಎಂತ, ಸ್ಟಾಕ್ ಇಲ್ವಾ?"

ಹೇಳಬಹುದಾದದ್ದನ್ನೆಲ್ಲ ಹೇಳಿದೆ. ಶುಗರ್ ಇದ್ದವರಿಗೆ ನೋವು ಇಲ್ಲದಿರುವುದೇ ಅಪಾಯ, ನರ ಸತ್ತಿರುತ್ತದೆ ಎಂದೆ. ಸೋಪು ಕ್ಷಾರ, ಹಸಿ ಗಾಯಕ್ಕೆ ಒಳ್ಳೆಯದಲ್ಲ ಎಂದೆ. ನಾನು ಅವರಿಗೆ ಅಪರಿಚಿತ, ಮೇಲಾಗಿ ವ್ಯಾಪಾರಿ. "ಆ ಹುಡುಗಿ ಸುಳ್ಳು ಹೇಳುದಿಲ್ಲ," ಎಂದರು. "ಮೂರು ವರ್ಷದಿಂದ ನೋಡ್ತಾ ಇದ್ದೇನೆ. ನನ್ನ ಹೆಂಡತಿ ತೀರಿಹೋದಾಗ ಅವಳೊಬ್ಬಳು ಎರಡು ಸಾಲು ಬರೆದದ್ದು."

ಕೊನೆಗೆ ತಂಗಿ ಸುಳ್ಯಕ್ಕೆ ವಿಡಿಯೋ ಕಾಲ್ ಮಾಡಿ ಫೋನನ್ನು ಅವರ ಎದುರು ಹಿಡಿದಳು. ಅವಳ ಮುಖ ಕಂಡದ್ದೇ ಅವರು ಅಂಗಿಯ ಗುಂಡಿ ಸರಿಮಾಡಿಕೊಂಡರು.

"ಮಾವ, ಅವರೊಟ್ಟಿಗೆ ಹೋಗಿ," ಎಂದಳು. "ನಾನು ಪೂರ್ತಿ ಹೇಳ್ಲಿಲ್ಲ. ಅತ್ತೆ ಮದ್ದು ತಿಂತಿದ್ರು."

"ನೀನು ಹೇಳಿದರೆ ಹೋಗ್ತೇನೆ," ಎಂದು ಎದ್ದರು.

ಪುತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಕಟ್ಟು ಬಿಚ್ಚಿ ನೋಡಿದರು. ಹೆಬ್ಬೆರಳು ಕಪ್ಪಾಗಿತ್ತು. ಅಲ್ಲಿಂದ ಪಾದದ ಮೇಲಕ್ಕೆ ಕೆಂಪು ಹರಡಿತ್ತು. ಡಾಕ್ಟರು ಜೇಬಿನಿಂದ ಪೆನ್ನು ತೆಗೆದು ಆ ಕೆಂಪಿನ ಅಂಚಿನ ಉದ್ದಕ್ಕೂ ಚರ್ಮದ ಮೇಲೆಯೇ ಗೆರೆ ಎಳೆದರು. ಬೆಳಗಾಗುವಾಗ ಆ ಕೆಂಪು ಗೆರೆಯೊಳಗೆ ಇಳಿದರೆ ಬೆರಳು ಮಾತ್ರ ತೆಗೆದರೆ ಸಾಕಾಗಬಹುದು, ದಾಟಿದರೆ ಪಾದ ಉಳಿಯುವುದು ಕಷ್ಟ ಎಂದರು. ಮೂರು ವಾರದಿಂದ ಸೇವ್, ಶೇರ್, ಕೋಡ್ ಎಂದು ಅಳೆಯುತ್ತಿದ್ದ ನಾವಿಬ್ಬರು ಆ ಗೆರೆಯನ್ನು ನೋಡುತ್ತಾ ನಿಂತೆವು.

ಬೆಳಗ್ಗೆ ನಾವು ಹೋಗುವಾಗ ರೀಲಿನವಳು ಮೊದಲ ಬಸ್ಸಿನಲ್ಲಿ ಸುಳ್ಯದಿಂದ ಬಂದು ಮಂಚದ ಹತ್ತಿರ ನಿಂತಿದ್ದಳು. ಫೋನಿನಲ್ಲಿ ಕಾಣುವುದಕ್ಕಿಂತ ತುಂಬ ಚಿಕ್ಕವಳು. ಡಾಕ್ಟರು ಹೊದಿಕೆ ಸರಿಸಿದರು. ಕೆಂಪು ಆ ಗೆರೆ ದಾಟಿ ಒಂದು ಬೆರಳಿನಗಲ ಹೊರಗೆ ನಿಂತಿತ್ತು, ಒಂದು ಕಡೆ ಎರಡು ಬೆರಳಿನಗಲ.

ನರ್ಸ್ ಪಾದ ತೆಗೆಯುವುದಕ್ಕೆ ಒಪ್ಪಿಗೆಯ ಕಾಗದ ತಂದರು. ಕಡಬದವರು ಅದನ್ನು ಮೊಣಕಾಲ ಮೇಲಿಟ್ಟುಕೊಂಡು ಡಾಕ್ಟರನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಪೆನ್ನು ಹಿಡಿದು ಸುಳ್ಯದವಳ ಕಡೆ ತಿರುಗಿದರು.

"ನೀನು ಹೇಳು ಮಗಾ, ಸಹಿ ಹಾಕಲಾ?"